ವಿಷಯ: ಅಕೌಂಟ್ ಮ್ಯಾನೇಜರ್ ಬದಲಾದ ಪತ್ರದಲ್ಲಿ ಕಾಣದೆ ಹೋದ ನಮ್ಮ 14 ದಿನಗಳು

ಕಾರ್ಕಳ
ಆಗಸ್ಟ್ 18

ಶಾಖಾ ವ್ಯವಸ್ಥಾಪಕರಿಗೆ,
ಸರಕು ಸಾಗಣೆ ವಿಭಾಗ, ಮಂಗಳೂರು ಶಾಖೆ

ಮಾನ್ಯರೇ,

ನಮ್ಮ ಕಾರ್ಖಾನೆಯ ಗೇರುಬೀಜದ ತಿರುಳು ಆರು ವರ್ಷಗಳಿಂದ ನಿಮ್ಮ ಸಂಸ್ಥೆಯ ಮೂಲಕವೇ ಪಣಂಬೂರಿನಿಂದ ಹಡಗು ಹತ್ತುತ್ತಿದೆ. ಈ ವಿಷಯವಾಗಿ ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿ, ನಾಲ್ಕು ಸಲವೂ ಮರ್ಯಾದೆಯಿಂದಲೇ ಮಾತನಾಡಿದ್ದಾಯಿತು. ಇನ್ನು ಬರೆದೇ ಹೇಳುತ್ತೇನೆ.

ಜುಲೈಯಲ್ಲಿ ಜೆಬೆಲ್ ಅಲಿಗೆ ಹೋದ ನಮ್ಮ ಇಪ್ಪತ್ತು ಅಡಿ ಕಂಟೇನರಿನಲ್ಲಿ 22.68 ಕಿಲೋ ತೂಕದ 700 ಪೆಟ್ಟಿಗೆಗಳಿದ್ದವು. ಆ ಖರೀದಿದಾರರ ಕಾಗದಪತ್ರ ಬ್ಯಾಂಕಿನ ಮೂಲಕ ಹೋಗುತ್ತದೆ. ಅವರು ಹಣ ಕಟ್ಟಿದ ಮೇಲೆ ಮಾತ್ರ ಮೂಲ ಬಿಲ್ ಆಫ್ ಲೇಡಿಂಗ್ ಅವರ ಕೈ ಸೇರುತ್ತದೆ. ಇಲ್ಲಿಂದ ಗಲ್ಫ್ ಹತ್ತಿರವಾದ್ದರಿಂದ ಹಡಗು ಮೊದಲು ಮುಟ್ಟಿ, ಕಾಗದ ಆಮೇಲೆ ಮುಟ್ಟುವುದು ನಮ್ಮ ವ್ಯಾಪಾರದಲ್ಲಿ ಮಾಮೂಲು. ಅದಕ್ಕಾಗಿಯೇ ಖಾಲಿ ಕಂಟೇನರ್ ಹಿಂದಿರುಗಿಸಲು ಹಡಗು ಕಂಪೆನಿ ಕೊಡುವ 7 ಫ್ರೀ ಡೇಸ್ ಬದಲು 14 ದಿನ ಬೇಕೆಂದು ಪ್ರತಿ ಬುಕಿಂಗಿನಲ್ಲಿಯೂ ಬರೆಸುತ್ತಿದ್ದೆವು. ಬುಕಿಂಗ್ ಮಾಡುವಾಗಲೇ ಇದನ್ನು ಬರೆಸಿಕೊಳ್ಳಬೇಕು, ಸರಕು ಮುಟ್ಟಿದ ಮೇಲೆ ಕೇಳಿದರೆ ಸಿಗುವುದು ಹಡಗು ಕಂಪೆನಿಯ ದಯೆ ಮಾತ್ರ ಎಂಬುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ.

ಜುಲೈ 3ರಂದು ನಿಮ್ಮ ಹಿಂದಿನ ಅಕೌಂಟ್ ಮ್ಯಾನೇಜರ್ "ಆಯಿತು ಸರ್, 14 ದಿನ ಹಾಕಿಸುತ್ತೇನೆ" ಎಂದು ಮೇಲ್ ಕಳುಹಿಸಿದರು. 5ರಂದು ಅವರು ಕೆಲಸ ಬಿಟ್ಟರು. ಇದು ತಿಳಿಯದ ನಾನು 7ರಂದು ಅವರ ವಿಳಾಸಕ್ಕೇ ನೆನಪೋಲೆ ಕಳುಹಿಸಿದೆ. ಅದು ಹಿಂದಕ್ಕೂ ಬರಲಿಲ್ಲ, ಉತ್ತರವೂ ಬರಲಿಲ್ಲ. 15ರಂದು ಹಡಗು ಹೊರಟಿತು. 16ರಂದು, ಎಂದರೆ ಅವರು ಹೋಗಿ ಹನ್ನೊಂದು ದಿನವಾದ ಮೇಲೆ, "ನಮ್ಮ ಬಾಂಧವ್ಯದ ಹೊಸ ಅಧ್ಯಾಯ" ಎಂಬ ತಲೆಬರಹದ ನಿಮ್ಮ ಮೇಲ್ ಬಂದಿತು. ಖಾತೆ ಕೈ ಬದಲಾಗುವ ಮೊದಲೇ ಗ್ರಾಹಕರಿಗೆ ತಿಳಿಸಬೇಕೆಂದು ನಮ್ಮ ನಿಮ್ಮ ಒಪ್ಪಂದದಲ್ಲಿ ನೀವೇ ಬರೆದಿರುವಿರಿ.

ಆ ಮೇಲನ್ನು ನಾನು ಎರಡು ಸಲ ಓದಿದೆ. ನಿಮ್ಮ ಆಂತರಿಕ ಪುನರ್ವ್ಯವಸ್ಥೆಯ ಬಗ್ಗೆ ಎರಡು ಪ್ಯಾರಾ, ಹೊಸಬರ ಉತ್ಸಾಹದ ಬಗ್ಗೆ ಒಂದು ಪ್ಯಾರಾ, ಸೂರ್ಯಾಸ್ತದಲ್ಲಿ ನಿಂತ ಒಂದು ಹಡಗಿನ ಚಿತ್ರ ಮತ್ತು "ನಿಮ್ಮ ಸೇವೆಯಲ್ಲಿ ಯಾವ ವ್ಯತ್ಯಯವೂ ಆಗದು" ಎಂಬ ಭರವಸೆ ಅದರಲ್ಲಿದ್ದವು. ಸಮುದ್ರದ ಮೇಲಿದ್ದ ನಮ್ಮ ಕಂಟೇನರಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಚಿತ್ರದಲ್ಲಿರುವ ಹಡಗು ಅದೇ ಇರಬಹುದೆಂದು ಸಮಾಧಾನ ಮಾಡಿಕೊಂಡೆ.

ಕಂಟೇನರ್ ಜುಲೈ 26ರಂದು ಜೆಬೆಲ್ ಅಲಿ ಮುಟ್ಟಿತು. ಕಾಗದ ಅಲ್ಲಿನ ಬ್ಯಾಂಕಿಗೆ ಆಗಸ್ಟ್ 4ರಂದು ತಲುಪಿತು. ಹದಿಮೂರನೆಯ ದಿನವಾದ ಆಗಸ್ಟ್ 7ರಂದು ಖರೀದಿದಾರರು ಖಾಲಿ ಕಂಟೇನರ್ ಹಿಂದಿರುಗಿಸಿದರು. ಬುಕಿಂಗಿನಲ್ಲಿ 14 ಇದ್ದಿದ್ದರೆ ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಇದ್ದದ್ದು 7. ಉಳಿದ 6 ದಿನಗಳಿಗೆ ದಿನಕ್ಕೆ 40 ಡಾಲರಿನಂತೆ 240 ಡಾಲರ್ ಡಿಟೆನ್ಷನ್ ಬಿದ್ದಿತು. ಖರೀದಿದಾರರು ಅದನ್ನು ನಮ್ಮ ಲೆಕ್ಕಕ್ಕೆ ಹಾಕಿದರು.

ಆಗಸ್ಟ್ 14ರ ಬೆಳಿಗ್ಗೆ 10.40ಕ್ಕೆ ನಾನು ನಿಮ್ಮ ಹೊಸ ಅಕೌಂಟ್ ಮ್ಯಾನೇಜರಿಗೆ ಫೋನ್ ಮಾಡಿದೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು, ಸಿಪ್ಪೆ ಸುಲಿಯುವ ವಿಭಾಗದ ಮೇಸ್ತ್ರಿ ಹಾಜರಿ ಪುಸ್ತಕ ಹಿಡಿದು ನನ್ನ ಎದುರಿಗೇ ನಿಂತಿದ್ದರು. "ಕಂಪೆನಿ ಹೆಸರು ಸರ್?" ಎಂದರು ನಿಮ್ಮ ಹೊಸಬರು. ಹೇಳಿದೆ. "ಸ್ಪೆಲ್ಲಿಂಗ್?" ಎಂದರು. ಒಂದೊಂದೇ ಅಕ್ಷರ ಕೂಗಿ ಹೇಳಿದೆ. ಮಳೆಯಿಂದಾಗಿ ಎರಡು ಸಲ. "ಏನು ಕಳಿಸ್ತೀರಿ ಸರ್?" "ಗೇರುಬೀಜ." "ಅದು ಎಣ್ಣೆ ತೆಗೆಯುವ ಬೀಜವಾ ಸರ್?" "ಗೋಡಂಬಿ." "ಓ, ಕ್ಯಾಶ್ಯೂ!" ಮೇಸ್ತ್ರಿ ಪುಸ್ತಕದಿಂದ ಮುಖ ಮುಚ್ಚಿಕೊಂಡರು. 14 ದಿನದ ಮಾತೆತ್ತಿದಾಗ, "ಸಿಸ್ಟಮ್‌ನಲ್ಲಿ ಕಾಣ್ತಿಲ್ಲ ಸರ್, ಹಿಂದಿನವರು ಬಾಯಿಮಾತಲ್ಲಿ ಹೇಳಿರಬಹುದು" ಎಂದರು. ಬಾಯಿಮಾತಲ್ಲ, ಮೇಲ್ ಇದೆ ಎಂದೆ. "ಹಾಗಾದರೆ ಅದನ್ನು ನನಗೆ ಫಾರ್ವರ್ಡ್ ಮಾಡಿ" ಎಂದರು. ನಿಮ್ಮ ಸಂಸ್ಥೆ ನನಗೆ ಕಳುಹಿಸಿದ ಮೇಲನ್ನು ನಿಮ್ಮ ಸಂಸ್ಥೆಗೆ ನಾನು ಕಳುಹಿಸಿಕೊಟ್ಟೆ. ಹತ್ತು ನಿಮಿಷದಲ್ಲಿ ಉತ್ತರ ಬಂದಿತು: ಹೊಸ ಗ್ರಾಹಕರ ನೋಂದಣಿ ಫಾರ್ಮ್. ನಮ್ಮನ್ನು ಬಲ್ಲ ಎರಡು ಸಂಸ್ಥೆಗಳ ಹೆಸರು ಕೇಳುವ ಅಂಕಣದಲ್ಲಿ ನಿಮ್ಮದೇ ಹೆಸರು ಬರೆಯೋಣವೆನಿಸಿತು. ಆದರೆ ವಿಚಾರಿಸಿದಾಗ ಬಲ್ಲೆವು ಎನ್ನುವಿರೆಂಬ ಧೈರ್ಯ ಬರಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಖಾಲಿ ಕಡತ ಕೊಟ್ಟು ಕೂರಿಸಿದರೆ ಯಾರಾದರೂ ಅದನ್ನೇ ಕೇಳುತ್ತಾರೆ. ಹಿಂದಿನವರು ಏಕೆ ಬಿಟ್ಟರು ಎಂಬುದೂ ನನಗೆ ಬೇಡ. ನನಗೆ ಬೇಕಾಗಿದ್ದದ್ದು ಜುಲೈ 5ರ ಮೊದಲೇ, ಹಿಂದಿನವರ ಹೆಸರಿನಲ್ಲಿಯೇ, ಹೊಸಬರಿಗೂ ಪ್ರತಿ ಹಾಕಿ ಬರೆದ, ಹೆಚ್ಚುಕಡಿಮೆ ಹೀಗಿರುವ ಒಂದು ಮೇಲ್:

"ಜುಲೈ 5 ನನ್ನ ಕೊನೆಯ ದಿನ. 7ರಿಂದ ನಿಮ್ಮ ಕೆಲಸ ನೋಡುವವರು ಇವರು; ಇವರ ಫೋನ್ ಇದು, ಇವರು ಸಿಗದಿದ್ದರೆ ಶಾಖಾ ವ್ಯವಸ್ಥಾಪಕರ ಫೋನ್ ಇದು. ಈಗ ಕೈಯಲ್ಲಿರುವುದು 15ರ ಜೆಬೆಲ್ ಅಲಿ ಕಂಟೇನರ್ ಒಂದೇ. ಅದಕ್ಕೆ 14 ಫ್ರೀ ಡೇಸ್ ಕೊಡಿಸುವುದಾಗಿ ಒಪ್ಪಿದ್ದೇನೆ, ಇನ್ನೂ ಹಡಗು ಕಂಪೆನಿಯಿಂದ ಖಚಿತವಾಗಿಲ್ಲ. 9ರೊಳಗೆ ಖಚಿತಪಡಿಸಿ ಹೊಸಬರು ನಿಮಗೆ ಬರೆಯುತ್ತಾರೆ. ಬಿಲ್ ಆಫ್ ಲೇಡಿಂಗಿನ ಕರಡು ನಿಮಗೆ ತೋರಿಸದೆ ಅಂತಿಮಗೊಳಿಸಬಾರದೆಂದು ಅವರಿಗೆ ತಿಳಿಸಿದ್ದೇನೆ. ದರ ಮತ್ತು ಪಾವತಿಯ ಅವಧಿ ಬದಲಾಗಿಲ್ಲ. ನೀವು ಮಾಡಬೇಕಾದದ್ದು ಒಂದೇ: ನಾನು ಒಪ್ಪಿದ್ದು ಏನಾದರೂ ಇಲ್ಲಿ ಬಿಟ್ಟುಹೋಗಿದ್ದರೆ ತಿಳಿಸಿ."

ಇದರಲ್ಲಿ ಮುಖ್ಯವಾದದ್ದು "ಇನ್ನೂ ಖಚಿತವಾಗಿಲ್ಲ" ಎಂಬ ಮಾತು. ಮುಗಿದ ಕೆಲಸ ಹೇಗೂ ಸಿಸ್ಟಮ್‌ನಲ್ಲಿ ಇರುತ್ತದೆ. ಒಪ್ಪಿಯೂ ಮುಗಿಯದ ಕೆಲಸ ಇರುವುದು ಬಿಟ್ಟುಹೋಗುವವರ ತಲೆಯಲ್ಲಿ ಮತ್ತು ಗ್ರಾಹಕರ ತಲೆಯಲ್ಲಿ ಮಾತ್ರ. ಮೊದಲನೆಯವರು ಹೋಗುವ ಮೊದಲು ಅದನ್ನು ಬರೆಸಿಕೊಳ್ಳದಿದ್ದರೆ ಎರಡನೆಯವರು ಫೋನಿನಲ್ಲಿ ಕೂಗಬೇಕಾಗುತ್ತದೆ. ಕೊನೆಯ ಸಾಲನ್ನು ನನ್ನಲ್ಲಿ ಕೇಳಿದ್ದರೆ, ಜುಲೈ 3ರ ಮೇಲನ್ನು ಹಡಗು ಹೊರಡುವ ಮೊದಲೇ ತೋರಿಸುತ್ತಿದ್ದೆ. ಹಾಗೆಯೇ ಹೋದವರ ವಿಳಾಸಕ್ಕೆ ಬರುವ ಮೇಲ್‌ಗಳು ಯಾರಾದರೂ ಬದುಕಿರುವವರ ಮುಂದೆ ಬೀಳುವ ಏರ್ಪಾಡನ್ನೂ ಮಾಡಬಹುದಿತ್ತು. ನನ್ನ 7ರ ಓಲೆ ಇಂದಿಗೂ ಅಲ್ಲಿಯೇ ಇರಬೇಕು.

240 ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನಿಮ್ಮ ಜುಲೈ ಬಿಲ್ಲಿನಿಂದ ಕಳೆದು ಉಳಿದದ್ದನ್ನು ಪಾವತಿಸಿದ್ದೇನೆ. ಇದಕ್ಕೆ ನಿಮ್ಮ ಒಪ್ಪಿಗೆಯನ್ನು ಕೇಳುತ್ತಿಲ್ಲ. ಸೆಪ್ಟೆಂಬರ್ 9ರ ಕಂಟೇನರನ್ನು ಬೇರೆಯವರಿಗೆ ಕೊಟ್ಟಾಗಿದೆ. ಅವರು ಮೊದಲ ಫೋನಿನಲ್ಲಿಯೇ ನಮ್ಮ ಖರೀದಿದಾರರಿಗೆ ಎಷ್ಟು ಫ್ರೀ ಡೇಸ್ ಬೇಕೆಂದು ಕೇಳಿದರು. ಆಗಸ್ಟ್ 25ರೊಳಗೆ ನಿಮ್ಮ ಸಹಿಯಿರುವ ಉತ್ತರ ಬಾರದಿದ್ದರೆ ಈ ವರ್ಷ ಉಳಿದಿರುವ ಐದು ಕಂಟೇನರುಗಳೂ ಅವರಲ್ಲಿಗೇ ಹೋಗುತ್ತವೆ, ಮತ್ತು ಈ ಪತ್ರದ ಪ್ರತಿ ಕಾರ್ಕಳದಲ್ಲಿಯೂ ಮಂಗಳೂರಿನಲ್ಲಿಯೂ ನಿಮ್ಮ ಮೂಲಕ ಸರಕು ಕಳುಹಿಸುವ ನನ್ನ ಪರಿಚಯದ ಕಾರ್ಖಾನೆಗಳವರಿಗೆ ತಲುಪುತ್ತದೆ. ನೋಂದಣಿ ಫಾರ್ಮನ್ನು ತುಂಬದೆಯೇ ಹಿಂದಿರುಗಿಸುತ್ತಿದ್ದೇನೆ.

ಇಂತಿ,
ನಿಮ್ಮ ಆರು ವರ್ಷದ ಹೊಸ ಗ್ರಾಹಕ