ಮಗಳಿಗೊಂದು ಪತ್ರ: ಮಂಗಳವಾರ, ಗುರುವಾರದ ಬಗ್ಗೆ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ದನಿ ಎತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಕೆಲಸ ಬಿಟ್ಟು ಊರಿಗೆ ಬಾ ಅಂದ ಮಾತನ್ನು ವಾಪಸ್ ತಗೊಂಡಿದ್ದೇನೆ. ಬೆಂಗಳೂರಿನ ಆ ಕೆಲಸ ನಿನಗೆ ಹೇಗೆ ಸಿಕ್ಕಿತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನೆಲ್ಲ ಮತ್ತೆ ಬರೆಯಲ್ಲ. ಫೋನ್ ಮಾಡಿದರೆ ಇಬ್ಬರೂ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತೇವೆ, ಅದಕ್ಕೇ ಕಾಗದ.

"ಇವತ್ತು ಬ್ಯಾಚಿಗೆ ಬರಲಿಲ್ವಾ?"

ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ಹೀಗೆ ಮೆಸೇಜ್ ಹಾಕಿದ್ದಾನೆ ಅಂತ ನೀನು ನಗ್ತಾ ಹೇಳಿದೆ. ನನಗೆ ಆವತ್ತಿನಿಂದ ಅದೊಂದೇ ತಲೆಯಲ್ಲಿ. ಅವನು ಬೈದಿಲ್ಲ, ಹೆದರಿಸಿಲ್ಲ, ಅದು ನಿಜ. ಆದರೆ ಆವತ್ತು ನೀನು ಶಟಲ್ ಆಡೋ ದಿನ ಅಂತ ಅವನಿಗೆ ಗೊತ್ತಿತ್ತು. ಯಾವ ಬ್ಯಾಚ್ ಅಂತ ಗೊತ್ತಿತ್ತು. ನೀನು ಜ್ವರ ಬಂದು ಮಲಗಿದ್ದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಅಂದರೆ ಅವನು ಅಲ್ಲಿ ನಿನ್ನನ್ನು ಎದುರು ನೋಡುತ್ತಿದ್ದ. "ನಾನು ಅವನಿಗೆ ಏನೂ ಹೇಳೇ ಇಲ್ಲಮ್ಮ" ಅಂದೆಯಲ್ಲ, ನಂಬುತ್ತೇನೆ. ಹೇಳದೆಯೂ ಹೇಗೆ ಗೊತ್ತಾಗಿರಬಹುದು ಅಂತ ನೋಡೋಕೆ ಕೂತೆ.

ಸುಹಾಸನ ಅಕೌಂಟಿನಿಂದ ನೋಡಿದೆ. ಅವನು ನಿನ್ನನ್ನು ಫಾಲೋ ಮಾಡಲ್ಲ, ಹಾಗಾಗಿ ಗುರುತಿಲ್ಲದವನಿಗೆ ಏನು ಕಾಣುತ್ತದೋ ಅದೇ ನನಗೂ ಕಂಡಿತು. ನಿನ್ನದೇ ಅಕೌಂಟಿನಿಂದ ನೋಡಿದರೆ ಈ ವ್ಯತ್ಯಾಸ ಗೊತ್ತಾಗಲ್ಲ. ಲಾಗಿನ್ ಆಗದೆ ನೋಡೋಣ ಅಂದರೆ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಲಾಗಿನ್ ಆಗು ಅಂತ ಅಡ್ಡ ಬರುತ್ತದೆ. ಸ್ಕೂಲಿನಲ್ಲಿ ಟೈಮ್‌ಟೇಬಲ್ ಹಾಕುವವಳು ನಾನು. ಒಂದು ಹಾಳೆಯಲ್ಲಿ ತಾರೀಕು, ವಾರ, ಜಾಗ, ಹೊತ್ತು ಅಂತ ನಾಲ್ಕು ಕಾಲಂ ಗೀಟು ಹಾಕಿ ತುಂಬುತ್ತಾ ಹೋದೆ.

ಶಟಲ್ ಕೋರ್ಟಿನ ಹೆಸರು ಟ್ಯಾಗ್ ಮಾಡಿದ ನಾಲ್ಕು ಪೋಸ್ಟ್ ಇದ್ದವು. ಹಳೇ ಪೋಸ್ಟಿನಲ್ಲಿ ಗಂಟೆ ಕಾಣಲ್ಲ, ತಾರೀಕು ಮಾತ್ರ ಇರುತ್ತದೆ. ಕ್ಯಾಲೆಂಡರ್ ತೆಗೆದು ನೋಡಿದೆ. ನಾಲ್ಕೂ ಮಂಗಳವಾರ ಇಲ್ಲವೇ ಗುರುವಾರ. ಹೊತ್ತು ಎಲ್ಲಿ ಸಿಕ್ಕಿತು ಗೊತ್ತಾ? ನಿನ್ನ ಹೈಲೈಟ್‌ನಲ್ಲಿ. ಸ್ಟೋರಿ 24 ಗಂಟೆಯಲ್ಲಿ ಹೋಗುತ್ತದೆ, ಆದರೆ ಹೈಲೈಟಿಗೆ ಸೇರಿಸಿದ್ದು ನೀನು ತೆಗೆಯುವವರೆಗೂ ಇರುತ್ತದೆ. ಆ ವಿಡಿಯೋದಲ್ಲಿ ನೀನು ಸರ್ವ್ ಮಾಡುವಾಗ ಹಿಂದಿನ ಗೋಡೆಯ ಗಡಿಯಾರ ಆರೂ ಹತ್ತು ತೋರಿಸುತ್ತಿದೆ. ಇನ್ನೊಂದರಲ್ಲಿ ಸ್ಟೀಲ್ ಲೋಟದ ಕಾಫಿ, ಹಿಂದೆ ಹೋಟೆಲಿನ ಬೋರ್ಡು, ಮೇಲೆ ನೀನೇ ಬರೆದದ್ದು: "ಆಟ ಮುಗಿದ ಮೇಲೆ ಮಾಮೂಲಿ ಜಾಗ". ಅದಕ್ಕೆ ಟ್ಯಾಗೇ ಇಲ್ಲ, ಬೇಕಾಗಿಯೂ ಇಲ್ಲ. ಮಾಮೂಲಿ, ಯಾವಾಗಲೂ, ಪ್ರತಿ ವಾರ ಅಂತ ಬರೆದ ಸಾಲುಗಳೇ ಎಲ್ಲಕ್ಕಿಂತ ಜಾಸ್ತಿ ಹೇಳುತ್ತವೆ.

ಆಮೇಲೆ ಗೂಗಲ್ ಮ್ಯಾಪ್ಸ್‌ನಲ್ಲಿ ನಿನ್ನ ಪಿಜಿಯ ರಿವ್ಯೂ. ಪೂರ್ತಿ ಹೆಸರಿನಲ್ಲಿ ಬರೆದಿದ್ದೀಯ. ಮೂರನೇ ಮಹಡಿ ರೂಮಿಗೆ ಗಾಳಿ ಬೆಳಕು ಚೆನ್ನಾಗಿದೆ, ಅತ್ತಿಗುಪ್ಪೆ ಮೆಟ್ರೋಗೆ ಐದು ನಿಮಿಷದ ನಡಿಗೆ ಅಂತ. ಪಾಪ, ಇನ್ನೊಬ್ಬರಿಗೆ ಅನುಕೂಲ ಆಗಲಿ ಅಂತ ಬರೆದಿದ್ದೀಯ, ಓದುವಾಗ ಹೆಮ್ಮೆಯೂ ಆಯಿತು. ಆದರೆ ನೀನು ಮಲಗೋ ಜಾಗದ ಮಹಡಿ ಅದರಲ್ಲಿದೆ ಮಗಳೇ.

ಹಾಳೆ ತುಂಬಿದ ಮೇಲೆ ನೋಡಿದರೆ, ಮಂಗಳವಾರ, ಗುರುವಾರ ಬೆಳಿಗ್ಗೆ ಆರಕ್ಕೆ ಮೊದಲು ಪಿಜಿ ಗೇಟು, ಆರರಿಂದ ಕೋರ್ಟು, ಏಳೂಕಾಲಿಗೆ ಕಾಫಿ. ಇದನ್ನು ನೀನು ಎಲ್ಲೂ ಒಟ್ಟಿಗೆ ಬರೆದಿಲ್ಲ. ಆರಕ್ಕೆ ಮೊದಲು ಅಂದರೆ ಚಳಿಗಾಲದಲ್ಲಿ ಇನ್ನೂ ಕತ್ತಲು. ಆ ರಸ್ತೆಯಲ್ಲಿ ಬೀದಿದೀಪ ಇದೆಯಾ? ಹೋದ ಸಲ ಬಂದಾಗ ನೋಡಿದ ನೆನಪಿಲ್ಲ. ಹಾಲಿನ ಅಂಗಡಿಯಾದರೂ ತೆಗೆದಿರುತ್ತಾ ಆ ಹೊತ್ತಿಗೆ?

ಈ ಟ್ಯಾಗ್ ಬಗ್ಗೆ ನಿನಗೊಂದು ಹೇಳಬೇಕು. ಪೋಸ್ಟ್ ಹಾಕುವಾಗ ಫೋನು ಹತ್ತಿರದ ಜಾಗಗಳ ಹೆಸರು ತೋರಿಸುತ್ತದೆ, ನೀನು ಒಂದನ್ನು ಒತ್ತುತ್ತೀಯ. ನನ್ನ ಸ್ನೇಹಿತರಿಗೆ ನಾನು ಎಲ್ಲಿದ್ದೇನೆ ಅಂತ ತೋರಿಸುತ್ತಿದ್ದೇನೆ ಅಷ್ಟೇ ಅಂದುಕೊಳ್ಳುತ್ತೀಯ. ಆದರೆ ಅದು ತಿರುಗಿಯೂ ಕೆಲಸ ಮಾಡುತ್ತದೆ. ಆ ಜಾಗದ ಹೆಸರು ಒತ್ತಿದರೆ ಅದರದೇ ಒಂದು ಪುಟ ತೆರೆಯುತ್ತದೆ. ಅಲ್ಲಿ ಟ್ಯಾಗ್ ಮಾಡಿದ ಪಬ್ಲಿಕ್ ಅಕೌಂಟುಗಳ ಪೋಸ್ಟುಗಳು ಅದರಲ್ಲಿ ಸೇರುತ್ತವೆ. ನಿನ್ನ ಹೆಸರೇ ಗೊತ್ತಿಲ್ಲದವನು ಕೋರ್ಟಿನ ಪುಟ ತೆರೆದು, ಮುಖ ಗುರುತು ಹಿಡಿದು, ನಿನ್ನ ಪ್ರೊಫೈಲಿಗೆ ಬರಬಹುದು. ಆ ಹುಡುಗ ಅದೇ ಕೋರ್ಟಿಗೆ ಬರುವವನಾಗಿದ್ದರೆ ಹೀಗೇ ಬಂದಿರಬೇಕು ಅಂತ ನನಗನಿಸುತ್ತದೆ. ಅವನು ನಿನ್ನನ್ನು ಹುಡುಕಬೇಕಾಗೇ ಇರಲಿಲ್ಲ.

ಈಗ ಮಾಡಬೇಕಾದ್ದು. ಮೊದಲು ಅವನ ಮೆಸೇಜು, ಪ್ರೊಫೈಲು ಎರಡರ ಸ್ಕ್ರೀನ್‌ಶಾಟ್ ತೆಗೆದಿಡು. ಬ್ಲಾಕ್ ಮಾಡುವುದು ಆಮೇಲೆ. ಮತ್ತೆ ಯಾವುದಾದರೂ ಅಕೌಂಟಿನಿಂದ ಬಂದರೆ cybercrime.gov.in ನಲ್ಲಿ ದೂರು ಕೊಡೋಣ, ಅದಕ್ಕೆ ಈ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಅಕೌಂಟನ್ನು ಪ್ರೈವೇಟ್ ಮಾಡಿದರೆ ನಿನ್ನ ಪೋಸ್ಟುಗಳು ಆ ಕೋರ್ಟಿನ ಪುಟದಲ್ಲಿ ಬೇರೆಯವರಿಗೆ ಕಾಣಲ್ಲ. ಆದರೆ ಈಗಾಗಲೇ ಫಾಲೋ ಮಾಡುತ್ತಿರುವವರಿಗೆ ಎಲ್ಲ ಕಾಣುತ್ತಲೇ ಇರುತ್ತದೆ. ಆ ಪಟ್ಟಿಯಲ್ಲಿ ಮುಖ ನೆನಪಾಗದವರನ್ನು ತೆಗೆದುಹಾಕು. ತೆಗೆದದ್ದು ಅವರಿಗೆ ನೋಟಿಫಿಕೇಶನ್ ಹೋಗಲ್ಲ, ಮುಲಾಜು ಬೇಡ.

ಕೋರ್ಟಿನ ನಾಲ್ಕು ಪೋಸ್ಟುಗಳಲ್ಲಿ ಫೋಟೋ ಇರಲಿ. ಮೂರು ಚುಕ್ಕಿ ಒತ್ತಿ Edit ಗೆ ಹೋಗಿ, ಜಾಗದ ಹೆಸರು ಒತ್ತಿ ತೆಗೆದುಬಿಡು. ಗಡಿಯಾರದ ವಿಡಿಯೋವನ್ನು ಹೈಲೈಟಿನಿಂದ ತೆಗೆ, ನಿನ್ನ Archive ನಲ್ಲಿ ನಿನಗೆ ಮಾತ್ರ ಉಳಿದಿರುತ್ತದೆ. ಅದೇ Archive ನಲ್ಲಿ ನಕ್ಷೆಯೂ ಇದೆ, ಲೊಕೇಶನ್ ಸ್ಟಿಕರ್ ಹಾಕಿದ ಹಳೇ ಸ್ಟೋರಿಗಳು ಊರೂರಿನ ಮೇಲೆ ಕಾಣುತ್ತವೆ. ನಿನಗಷ್ಟೇ ಕಾಣೋದು. ಎಲ್ಲಿ ಗುಂಪಾಗಿ ಸೇರಿವೆಯೋ ಅದು ನೀನು ದಿನಾ ಹೋಗೋ ಜಾಗ, ಆ ಸ್ಟೋರಿಗಳು ಹೈಲೈಟಿನಲ್ಲಿವೆಯಾ ನೋಡು. ಪಿಜಿ ರಿವ್ಯೂ ಪೂರ್ತಿ ಡಿಲೀಟ್ ಮಾಡು. ಇನ್‌ಸ್ಟಾಗ್ರಾಮ್ ಪ್ರೈವೇಟ್ ಮಾಡಿದರೂ ಅದು ಹಾಗೇ ಇರುತ್ತದೆ.

ಸ್ನೇಹಿತರು ನಿನ್ನನ್ನು ಟ್ಯಾಗ್ ಮಾಡಿದ ಫೋಟೋಗಳನ್ನು ಮರೀಬೇಡ. 2024ರಲ್ಲಿ ಫ್ರಾನ್ಸಿನ ಲ ಮೊಂಡ್ ಪತ್ರಿಕೆ ಒಂದು ವರದಿ ಮಾಡಿತ್ತು. ಅಧ್ಯಕ್ಷ ಮ್ಯಾಕ್ರನ್ ಅವರ ಅಂಗರಕ್ಷಕರು ಓಡಿದ್ದನ್ನೆಲ್ಲ, ಓಟದ ದಾರಿಯನ್ನು ನಕ್ಷೆಯಲ್ಲಿ ತೋರಿಸುವ ಸ್ಟ್ರಾವಾ ಆ್ಯಪಿನಲ್ಲಿ ಹಾಕಿಕೊಂಡಿದ್ದರು. ಅದನ್ನು ಹಿಡಿದು ಹೋಗಿ, 2021ರಲ್ಲಿ ಮ್ಯಾಕ್ರನ್ ವಾರಾಂತ್ಯ ಕಳೆದ ಊರು ಯಾವುದು ಅಂತ ಪತ್ರಕರ್ತರು ಪತ್ತೆಹಚ್ಚಿದರು. ಮ್ಯಾಕ್ರನ್ ತಾವೇನೂ ಹಾಕಿರಲಿಲ್ಲ, ಜೊತೆಯವರು ಹಾಕಿದ್ದು ಸಾಕಾಯಿತು. ಕುಂದಲಹಳ್ಳಿಯ ನಿನ್ನ ಆಫೀಸು ನನಗೆ ಸಿಕ್ಕಿದ್ದೂ ಹಾಗೇ, ನಿನ್ನ ಗೆಳತಿ ಹಾಕಿದ ಫೋಟೋದಲ್ಲಿ ಕೊರಳಿನ ಐಡಿ ಕಾರ್ಡ್ ಓದುವ ಹಾಗಿತ್ತು. ಅಂಥದ್ದರಿಂದ ನಿನ್ನ ಟ್ಯಾಗ್ ತೆಗೆಯಬಹುದು, ಆದರೆ ಫೋಟೋ ಅವಳದ್ದು. ಅವಳಿಗೇ ಹೇಳಿ ತೆಗೆಸಬೇಕು.

ಇಷ್ಟೆಲ್ಲ ತೆಗೆದರೂ ಅವನಿಗೆ ಈಗಾಗಲೇ ಗೊತ್ತಿರೋದು ಅಳಿಸಿಹೋಗಲ್ಲ. ನನ್ನ ಹೊಟ್ಟೆಯಲ್ಲಿ ಕೂತಿರೋದು ಅದೇ. ಮಂಗಳವಾರ ಮತ್ತೆ ಬರುತ್ತದೆ, ಬ್ಯಾಚು ಅದೇ, ದಾರಿ ಅದೇ. ಜಾಗ ಬಿಟ್ಟು ಬಂದ ಮೇಲೆ ಪೋಸ್ಟ್ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಪ್ರವಾಸಕ್ಕೆ ಅದು ಸರಿ, ಎರಡನೇ ಸಲ ಅಲ್ಲಿಗೆ ಹೋಗಲ್ಲವಲ್ಲ. ವಾರ ವಾರ ಹೋಗೋ ಜಾಗಕ್ಕೆ ತಡವಾಗಿ ಹಾಕಿದರೂ ಒಂದೇ, ಬೇಗ ಹಾಕಿದರೂ ಒಂದೇ. ಆದ್ದರಿಂದ ಕೋಚ್‌ಗೆ ವಿಷಯ ಹೇಳಿ ಸಂಜೆಯ ಬ್ಯಾಚಿಗೆ ಬದಲಾಯಿಸಿಕೊಳ್ಳೋಕೆ ಆಗುತ್ತಾ ನೋಡು. ಆಟ ಬಿಡು ಅಂತ ಹೇಳುತ್ತಿಲ್ಲ. ನೀನು ಯಾಕೆ ಬಿಡಬೇಕು? ಹೈಸ್ಕೂಲಿನಲ್ಲಿ ಬಿಟ್ಟ ರ‍್ಯಾಕೆಟನ್ನು ದುಡಿಯುವ ಹೊತ್ತಲ್ಲಿ ಮತ್ತೆ ಹಿಡಿದೆಯಲ್ಲ, ಅದನ್ನು ನೋಡಿ ನಾನು, ನಿಮ್ಮಪ್ಪ ಎಷ್ಟು ಖುಷಿಪಟ್ಟಿದ್ದೇವೆ ಅಂತ ನಿನಗೆ ಹೇಳೇ ಇಲ್ಲ.

ಇನ್ನು "ಹಾಗಾದ್ರೆ 24 ಗಂಟೆ ಲೈವ್ ಲೊಕೇಶನ್ ಹಾಕಿಡ್ತೀನಿ, ಸಾಕಾ?" ಅಂದೆ. ಬೇಡ. ಸಿಟ್ಟಿಗೆ ಅಂದದ್ದು ಅಂತ ಗೊತ್ತು, ಆದರೂ ಹೇಳುತ್ತೇನೆ. ಟ್ಯಾಗ್ ನೀನೇ ಆರಿಸೋ ಒಂದು ಹೆಸರು. ಲೈವ್ ಲೊಕೇಶನ್ ಹಾಗಲ್ಲ, ನೀನು ನಡೆದ ಹಾಗೆಲ್ಲ ಚುಕ್ಕಿಯೂ ನಡೆಯುತ್ತದೆ. ವಾಟ್ಸಾಪ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರೇ ಅವಧಿ, ಮುಗಿದ ಮೇಲೆ ತಾನಾಗೇ ನಿಲ್ಲುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀನೇ ನಿಲ್ಲಿಸುವವರೆಗೂ ಅಂತ ಹಾಕಿಡಬಹುದು, ಮರೆತುಹೋಗೋದು ಅದೇ. ನೋಡುವವರಿಗೆ ನಿನ್ನ ಫೋನಿನ ಬ್ಯಾಟರಿ ಎಷ್ಟಿದೆ ಅಂತಲೂ ಕಾಣುತ್ತದೆ. ಮ್ಯಾಪ್ಸ್‌ನಲ್ಲಿ ನಿನ್ನ ಫೋಟೋ ಒತ್ತಿ Location sharing ತೆರೆದು ಯಾರ‍್ಯಾರ ಹೆಸರಿದೆ ನೋಡು. ವಾಟ್ಸಾಪ್‌ನಲ್ಲಿ Settings, Privacy, Live location. ಚಾರಣಕ್ಕೆ ಹೋದಾಗಿನ ಗ್ರೂಪಿಗೆ ಹಾಕುತ್ತಿದ್ದೆಯಲ್ಲ, ಗ್ರೂಪಿಗೆ ಹಾಕಿದ್ದು ಅದರಲ್ಲಿರುವ ಎಲ್ಲರಿಗೂ ಕಾಣುತ್ತದೆ. ನಿಂತ ಮೇಲೂ ನೀನು ಹಾಕಲು ಶುರು ಮಾಡಿದ ಜಾಗ ಅಂದಾಜಾಗಿ ಆ ಚಾಟ್‌ನಲ್ಲಿ ಉಳಿಯುತ್ತದೆ. ರೂಮಿನಿಂದ ಹೊರಡುವಾಗಲೇ ಹಾಕಿದ್ದರೆ ಆ ಜಾಗ ಅಂದರೆ ರೂಮು.

ರಾತ್ರಿ ತಡವಾಗಿ ಕ್ಯಾಬಿನಲ್ಲಿ ಬರುವಾಗ ನನಗೊಬ್ಬಳಿಗೆ 1 ಗಂಟೆ ಹಾಕು, ರೂಮು ಮುಟ್ಟುವ ಮೊದಲೇ ಮುಗಿದರೆ ಇನ್ನೊಂದು ಸಲ ಹಾಕು. ನೀನು ಮೆಟ್ರೋದಲ್ಲಿ ಬರುವಾಗ ಚುಕ್ಕಿ ಮೆಜೆಸ್ಟಿಕ್ ಹತ್ತಿರ ನಿಂತುಬಿಟ್ಟಿದೆ ಅಂತ ಇನ್ನು ಮೇಲೆ ಹತ್ತು ಸಲ ಫೋನ್ ಮಾಡಲ್ಲ. ಅಲ್ಲಿ ಮೆಟ್ರೋ ನೆಲದ ಕೆಳಗೆ ಹೋಗುತ್ತದೆ, ಸಿಗ್ನಲ್ ಸಿಗದೆ ಚುಕ್ಕಿ ನಿಂತಿರಬಹುದು. ಎಷ್ಟು ನಿಮಿಷದ ಹಿಂದಿನದು ಅಂತ ಹೆಸರಿನ ಕೆಳಗೇ ಬರೆದಿರುತ್ತದೆ, ಅದನ್ನು ಓದೋದು ಕಲಿತಿದ್ದೇನೆ.

ಬೀದಿದೀಪದ ವಿಷಯ ಮರೆಯದೆ ಬರೆ.

ನನ್ನ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಮೂರು ಸಲಕ್ಕಿಂತ ಜಾಸ್ತಿ ಬಂದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಪಿಜಿ ಒಂದೇ ಸಲ ಬಂದಿದ್ದರೂ ಅದಕ್ಕೂ ಹಾಕಿದೆ. ಸುತ್ತು ಹಾಕಿದ್ದನ್ನು ಮಾತ್ರ ತೆಗೆ, ಮೊದಲು ಪಿಜಿ ರಿವ್ಯೂ. ಹಂಪಿ ಫೋಟೋಗಳನ್ನು ಮುಟ್ಟಬೇಡ, ಅವುಗಳಿಂದ ಯಾರಿಗೂ ಏನೂ ಗೊತ್ತಾಗಲ್ಲ. ಕಲ್ಲಿನ ರಥದ ಮುಂದೆ ನೀನು ನಿಂತಿರೋದು ನಿಮ್ಮಪ್ಪನ ಫೋನಿನ ವಾಲ್‌ಪೇಪರ್ ಆಗಿದೆ.

ನಿನ್ನ
ಅಮ್ಮ