ಕುಮಟಾದ ಗೆಳೆಯನಿಗೆ, ಮೊದಲ ಭಾನುವಾರದ ಪರೀಕ್ಷೆಯ ಬಗ್ಗೆ

ಪ್ರಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಶಿರಸಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿದ್ದೆ. ಅರ್ಧ ಮಾತು ಕೇಳಿಸಲಿಲ್ಲ. ಕುಮಟಾದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದವರಿಗೆ ಸರ್ಕಾರಿ ಕೆಲಸದ ಪರೀಕ್ಷೆಗೆ ಕ್ಲಾಸ್ ಶುರು ಮಾಡ್ತೀಯ ಅಂತ ಕೇಳಿ ಖುಷಿಯಾಯಿತು. "ಹುಡುಗರನ್ನು ಸೇರಿಸೋದು ಹೇಗೆ ಮಾರಾಯಾ?" ಅಂತ ನೀನು ಕೇಳಿದ್ದೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಸಾಲದು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಬ್ಯಾನರ್ ಹಾಕಿಸಿದೆ, ಪಾಂಪ್ಲೆಟ್ ಹಂಚಿದೆ. ಸೇರಿದವರು ಏಳೇ ಜನ. ಅದರಲ್ಲಿ ಒಬ್ಬ ಹುಡುಗನಿಗೆ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅಂತ ಆಸೆ. ನಾಲ್ಕು ತಿಂಗಳು ಓದಿದ. ಆಮೇಲೆ ಒಂದು ದಿನ ಗೋಡೆಗೆ ನಿಲ್ಲಿಸಿ ಅಳೆದರೆ 165 ಸೆಂ.ಮೀ. ಆ ಹುದ್ದೆಗೆ ಗಂಡಸರಿಗೆ 168 ಬೇಕು. ಅವನ ಅಪ್ಪ ಅಡಿಕೆ ಕೊನೆ ಕೊಯ್ಲಿನ ಕೂಲಿಯಿಂದ ಫೀ ಕಟ್ಟಿದ್ದ. ಆ ದುಡ್ಡು ವಾಪಸ್ ಕೊಟ್ಟೆ. ಆದರೆ ನಾಲ್ಕು ತಿಂಗಳನ್ನು ವಾಪಸ್ ಕೊಡಲು ಆಗಲಿಲ್ಲ. ಆವತ್ತಿನಿಂದ ನನ್ನ ಬಾಗಿಲ ಪಕ್ಕದ ಗೋಡೆಯಲ್ಲಿ ಎರಡು ಗೆರೆ ಇವೆ. ಒಂದು 168, ಇನ್ನೊಂದು ಹೆಣ್ಣುಮಕ್ಕಳಿಗೆ 157. ಫೀ ಮಾತು ಎತ್ತುವ ಮುಂಚೆಯೇ ಅಲ್ಲಿ ನಿಲ್ಲಿಸುತ್ತೇನೆ. ಸಿದ್ದಿಯಂಥ ಬುಡಕಟ್ಟಿನವರಿಗೆ ರಿಯಾಯಿತಿ ಇರುತ್ತದೆ, ಅದನ್ನು ಆಯಾ ಅಧಿಸೂಚನೆಯಲ್ಲೇ ನೋಡಿ ಹೇಳು. ಎತ್ತರ ಸಾಲದವರಿಗೆ ಎಸ್‌ಡಿಎ ಗುಮಾಸ್ತೆ ಕೆಲಸ, ರೈಲ್ವೆ, ಕೇಂದ್ರ ಸರ್ಕಾರದ ಎಂಟಿಎಸ್ ಇವೆ, ದಾರಿ ಮುಚ್ಚಿಲ್ಲ ಅಂತ ಅಲ್ಲೇ ತಿಳಿಸು. ಗ್ರಾಮೀಣ ಡಾಕ್ ಸೇವಕ್ ಕೆಲಸಕ್ಕೆ ಕ್ಲಾಸ್ ಬೇಕಾ ಅಂತ ತುಂಬಾ ಜನ ಕೇಳ್ತಾರೆ. ಅದಕ್ಕೆ ಪರೀಕ್ಷೆಯೇ ಇಲ್ಲ, ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. ಅರ್ಜಿ ಹಾಕುವುದು ಹೇಗೆ ಅಂತ ತೋರಿಸಿ ಸುಮ್ನೆ ಕಳಿಸಿಕೊಡು. ಅವರೇ ನಾಳೆ ತಮ್ಮನನ್ನು ಕರೆದುಕೊಂಡು ಬರುತ್ತಾರೆ.

ಈಗ ನನಗೆ ಹುಡುಗರು ಬರುವುದು ಒಂದೇ ದಾರಿಯಲ್ಲಿ, ಭಾನುವಾರದ ಉಚಿತ ಪರೀಕ್ಷೆಯಿಂದ. ಪಾಠದ ಡೆಮೊ ಕೊಡುವುದಿಲ್ಲ. ಡೆಮೊ ಕ್ಲಾಸಿನಲ್ಲಿ ಹುಡುಗರಿಗೆ ನಾನು ಕಾಣುತ್ತೇನೆ, ಪರೀಕ್ಷೆಯಲ್ಲಿ ಅವರು ನನಗೆ ಕಾಣುತ್ತಾರೆ. ಕಾನ್‌ಸ್ಟೇಬಲ್ ಪರೀಕ್ಷೆಯ ಮಾದರಿಯನ್ನೇ ಇಡುತ್ತೇನೆ. 100 ಪ್ರಶ್ನೆ, 100 ಅಂಕ, ಒಂದೂವರೆ ಗಂಟೆ, ಪ್ರತಿ ತಪ್ಪಿಗೆ 0.25 ಕಳೆತ. ಪ್ರಶ್ನೆಗಳು ಹಳೆಯ ಪತ್ರಿಕೆಗಳವು. ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿದ್ದಾದರೂ ಸಾಕು, ಬಾಲ್‌ಪೆನ್ನಿನಲ್ಲೇ ತುಂಬಿಸಬೇಕು.

ಒಂದು ಕೆಲಸ ಮಾತ್ರ ಬೇರೆ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಯಲು ಹೇಳುತ್ತೇನೆ. ಗೊತ್ತಿದ್ದು ಬರೆದರೆ 'ಗ', ಎರಡು ಉತ್ತರಗಳ ನಡುವೆ ಅನುಮಾನ ಇದ್ದರೆ 'ಅ', ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹಾಕಿದರೆ 'ಕ'. ಈ ಮೂರು ಅಕ್ಷರ ಇಲ್ಲದಿದ್ದರೆ ಸಿಗುವುದು ಬರೀ ಅಂಕ. ಹುಡುಗನಿಗೆ ಏನು ಕಲಿಸಬೇಕು ಅನ್ನುವುದು ಅಂಕದಲ್ಲಿ ಕಾಣುವುದಿಲ್ಲ.

ಬನವಾಸಿ ಕಡೆಯ ಒಬ್ಬಳು ಹುಡುಗಿಯ ಹಾಳೆ ನನಗೆ ಈಗಲೂ ಬಾಯಿಪಾಠ. ನೂರಕ್ಕೆ ನೂರೂ ತುಂಬಿದ್ದಳು. 48 ಸರಿ, 52 ತಪ್ಪು. ಕಳೆತ 13, ಉಳಿದದ್ದು 35. ಮುಖ ಸಣ್ಣದಾಯಿತು. "ಸರ್, ನಂಗೆ ಜಿಕೆ ಬರಲ್ಲ" ಅಂದಳು. ಆದರೆ ಅಕ್ಷರಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿದಾಗ ಬೇರೆಯೇ ಕಥೆ ಇತ್ತು.

'ಗ' ಹಾಕಿದ್ದು 50 ಪ್ರಶ್ನೆ, ಅದರಲ್ಲಿ 36 ಸರಿ, 14 ತಪ್ಪು. 'ಅ' 20 ಪ್ರಶ್ನೆ, 8 ಸರಿ, 12 ತಪ್ಪು. 'ಕ' 30 ಪ್ರಶ್ನೆ, 4 ಸರಿ, 26 ತಪ್ಪು. ಕೊನೆಯ ಮೂವತ್ತನ್ನು ಕೊನೆಯ ಆರು ನಿಮಿಷದಲ್ಲಿ ತುಂಬಿದ್ದಳು. ಅದರಿಂದ ಸಿಕ್ಕಿದ್ದು 4, ಹೋಗಿದ್ದು ಆರೂವರೆ.

ಎಲ್ಲರ ಕಣ್ಣೂ ಆ 'ಕ' ಮೇಲೆ ಹೋಗುತ್ತದೆ. ನನ್ನ ಕಣ್ಣು ಹೋಗುವುದು 'ಗ'ದ 14 ತಪ್ಪಿನ ಮೇಲೆ. ಗೊತ್ತು ಅಂದುಕೊಂಡು ತಪ್ಪಿದ ಪ್ರಶ್ನೆ ಸರಿಯಾದರೆ ಸಿಗುವುದು ಒಂದು ಅಂಕವಲ್ಲ, ಒಂದೂಕಾಲು. ಕಳೆತವೂ ನಿಲ್ಲುತ್ತದೆ ಅಲ್ವಾ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹದಿನಾಲ್ಕನ್ನೂ ಒಂದೊಂದಾಗಿ ಓದಿಸಿದೆ. ಮೂರು ನಿಜವಾಗಿ ತಪ್ಪು ಕಲಿತದ್ದು. ಆರು ಲೆಕ್ಕದ ಎಡವಟ್ಟು. ಉಳಿದ ಐದು ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು.

ಆ ಐದರಲ್ಲಿ ಒಂದು ಹೀಗಿತ್ತು: ಈ ಕೆಳಗಿನ ಯಾವ ನದಿ ಅರಬ್ಬೀ ಸಮುದ್ರವನ್ನು ಸೇರುವುದಿಲ್ಲ? ಕಾಳಿ, ಶರಾವತಿ, ಅಘನಾಶಿನಿ, ವರದಾ. ಅವಳ ಊರಿನ ಪಕ್ಕದಲ್ಲೇ ವರದಾ ಹರಿಯುತ್ತದೆ. ಅದು ಪೂರ್ವಕ್ಕೆ ಹೋಗಿ ತುಂಗಭದ್ರೆಗೆ ಸೇರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕಾಳಿ ಅಂತ ಹಾಕಿದ್ದಳು. 'ಸೇರುವುದಿಲ್ಲ' ಅನ್ನುವುದು ವಾಕ್ಯದ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ಅವಳ ಕಣ್ಣು ಆಯ್ಕೆಗಳಿಗೆ ಇಳಿದು, ಮೊದಲು ಸಿಕ್ಕ ಸಮುದ್ರದ ನದಿಯನ್ನೇ ಹಿಡಿದಿತ್ತು. ಕನ್ನಡ ಪ್ರಶ್ನೆಯಲ್ಲಿ ಈ ಅಪಾಯ ಜಾಸ್ತಿ, ನಮ್ಮಲ್ಲಿ 'ಇಲ್ಲ' ಅನ್ನುವುದು ಕೊನೆಗೇ ಬರುವುದು. ಅದಕ್ಕೆ ನಾನು ಮಾಡಿಸುವುದು ಇಷ್ಟೇ: ಆಯ್ಕೆ ಓದುವ ಮುಂಚೆ ಪ್ರಶ್ನೆಯ ಕೊನೆಯ ಪದದ ಸುತ್ತ ಪೆನ್ನಿನಿಂದ ಸುತ್ತು ಹಾಕಬೇಕು. ಎರಡು ವಾರ ಬಿಡದೆ ಮಾಡಿಸಿದರೆ ಕೈಗೆ ರೂಢಿಯಾಗುತ್ತದೆ.

ಲೆಕ್ಕದ ಆರರಲ್ಲಿ ನಾಲ್ಕು ಶೇಕಡಾವಾರು. 20% ಏರಿ ಮತ್ತೆ 20% ಇಳಿದರೆ ಬೆಲೆ ಮೊದಲಿನಷ್ಟೇ ಅಂತ ಹತ್ತರಲ್ಲಿ ಎಂಟು ಮಕ್ಕಳು ಹೇಳುತ್ತಾರೆ. ಸೂತ್ರ ಬರೆಸಬೇಡ. ನಾನು ಅಡಿಕೆ ಹಿಡಿದು ಕೇಳುತ್ತೇನೆ. ಕ್ವಿಂಟಲ್‌ಗೆ 50,000 ಇದ್ದದ್ದು 20% ಏರಿತು, ಎಷ್ಟಾಯಿತು? 60,000. ಈಗ 20% ಇಳಿಯಿತು, ಎಷ್ಟರ ಮೇಲೆ? ಅಲ್ಲಿಗೆ ಅವರೇ ನಿಲ್ಲುತ್ತಾರೆ. 60,000ದ ಮೇಲೆ 12,000 ಹೋಗಿ 48,000. ನಿನ್ನ ಕಡೆ ಬಂಗಡೆಯ ಬುಟ್ಟಿ ಹಿಡಿದು ಕೇಳು.

ಇನ್ನು 'ಕ' ವಿಷಯ. ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ ಅಂತ ತುಂಬಾ ಮೇಷ್ಟ್ರುಗಳು ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಲೆಕ್ಕ ಹಾಕಿ ನೋಡು. ನಾಲ್ಕು ಆಯ್ಕೆಯ 16 ಪ್ರಶ್ನೆಯನ್ನು ಸುಮ್ನೆ ಅಂದಾಜಿನಲ್ಲಿ ಹಾಕಿದರೆ ಸರಾಸರಿ 4 ಸರಿ, 12 ತಪ್ಪು. ಕಳೆತ 3, ಕೈಗೆ 1. ನಷ್ಟವಿಲ್ಲ, ಆದರೆ ಲಾಭವೂ ಹೆಚ್ಚೇನಿಲ್ಲ, ಅದೃಷ್ಟ ಕೆಟ್ಟರೆ ಈ ಹುಡುಗಿಯ ಹಾಗೆ ಎರಡೂವರೆ ಅಂಕ ಹೋಗುತ್ತದೆ. ಅದೇ 16ರಲ್ಲಿ ಎರಡೆರಡು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದ್ದರೆ 8 ಸರಿ, 8 ತಪ್ಪು. ಕಳೆತ 2, ಕೈಗೆ 6. ಹಾಗಾಗಿ ಕಲಿಸಬೇಕಾದದ್ದು 'ಕ'ವನ್ನು 'ಅ' ಮಾಡುವುದನ್ನು. ಇಸವಿ ಕೇಳಿದ ಪ್ರಶ್ನೆಯಲ್ಲಿ ಸ್ವಾತಂತ್ರ್ಯಕ್ಕೆ ಹಿಂದಿನದೋ ಮುಂದಿನದೋ ಗೊತ್ತಿದ್ದರೂ ಎಷ್ಟೋ ಸಲ ಎರಡು ಆಯ್ಕೆ ಹೋಗುತ್ತವೆ.

ಆದರೆ ಈ ಲೆಕ್ಕ ಎಲ್ಲ ಪರೀಕ್ಷೆಗೂ ಒಂದೇ ಅಲ್ಲ, ಇದನ್ನು ಮರೀಬೇಡ. ರೈಲ್ವೆ ಗ್ರೂಪ್ ಡಿಯಲ್ಲಿ ಕಳೆತ ಮೂರನೇ ಒಂದು. ಅಲ್ಲಿ ಕಣ್ಣುಮುಚ್ಚಿ ಹಾಕಿದರೆ ಸರಾಸರಿ ಸೊನ್ನೆ, ಹೋಗುವುದು ಸಮಯ ಮಾತ್ರ. ಎಂಟಿಎಸ್‌ನ ಮೊದಲ ಭಾಗದಲ್ಲಿ ಕಳೆತವೇ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಒಂದೇ ಬುದ್ಧಿ ಎಲ್ಲ ಕಡೆ ಹೇಳಿದರೆ ಮಕ್ಕಳಿಗೆ ನಷ್ಟ. ಪ್ರತಿ ಅಧಿಸೂಚನೆ ಬಂದಾಗ ಕಳೆತದ ಸಾಲನ್ನು ಮೊದಲು ಓದು, ನಿಯಮ ಬದಲಾಗುತ್ತಿರುತ್ತದೆ.

ಆರು ವಾರದ ಮೇಲೆ ಅದೇ ಹುಡುಗಿ ಬೇರೆ ಪತ್ರಿಕೆ ಬರೆದಳು. 'ಗ' 54, ಅದರಲ್ಲಿ 47 ಸರಿ. 'ಅ' 28, ಅರ್ಧ ಸರಿ. 18 ಖಾಲಿ ಬಿಟ್ಟಳು. ಒಟ್ಟು 61 ಸರಿ, 21 ತಪ್ಪು, ಕಳೆದು 55.75. ಗೊತ್ತಿದ್ದ ಪ್ರಶ್ನೆ ಐವತ್ತರಿಂದ ಐವತ್ನಾಲ್ಕಾಗಿತ್ತು ಅಷ್ಟೇ. ಆದರೂ ಇಪ್ಪತ್ತು ಅಂಕ ಮೇಲೆ ಬಂದಳು. ಇದಕ್ಕೆ ಮಿತಿಯಿದೆ. ಓದುವ ರೀತಿ ತಿದ್ದಿದ ಲಾಭ ಒಂದು ಸಲ ಸಿಗುತ್ತದೆ. ಅಲ್ಲಿಂದ ಮುಂದೆ 'ಗ' ಐವತ್ನಾಲ್ಕರಿಂದ ಎಪ್ಪತ್ತೈದಕ್ಕೆ ಏರಬೇಕು, ಅದಕ್ಕೆ ತಿಂಗಳುಗಟ್ಟಲೆ ಓದಲೇಬೇಕು. ಇದನ್ನೂ ಅವಳ ಮನೆಯವರ ಮುಂದೆಯೇ ಹೇಳಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪರೀಕ್ಷೆಯ ದಿನವೇ ಅಂಕ ಹೇಳಬೇಡ. ಮುಂದಿನ ಭಾನುವಾರ ಬಂದು ಹಾಳೆ ತಗೊಂಡು ಹೋಗಲು ಹೇಳು. ಬಂದವರ ಜೊತೆ ಹತ್ತು ಹತ್ತು ನಿಮಿಷ ಒಬ್ಬೊಬ್ಬರಾಗಿ ಕೂತು ಗ, ಅ, ಕ ಬೇರ್ಪಡಿಸಿದ ಚೀಟಿ ಕೊಡು. ಅಂಕದ ಪಟ್ಟಿಯನ್ನು ಬೋರ್ಡಿಗೆ ಅಂಟಿಸಬೇಡ. ಕಡಿಮೆ ಬಂದವರು ನಾಚಿಕೊಂಡು ಮತ್ತೆ ಬರುವುದಿಲ್ಲ, ನಮಗೆ ಬೇಕಾದವರು ಅವರೇ. ಸೇರದೇ ಹೋದವರಿಗೂ ಚೀಟಿ ಕೊಡು. ಆ ಚೀಟಿ ಮನೆಗೆ ಹೋಗುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ನನಗೆ ಬಂದವರಲ್ಲಿ ಜಾಸ್ತಿ ಜನ ಯಾರದೋ ಚೀಟಿ ನೋಡಿ ಬಂದವರು.

ಫೀಯನ್ನು ತಿಂಗಳು ತಿಂಗಳು ತಗೋ. ಅಧಿಸೂಚನೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಒಟ್ಟಿಗೆ ಕಟ್ಟಿಸಿಕೊಂಡರೆ ನಡುವೆ ಬಿಟ್ಟವರ ಮನೆಯಲ್ಲಿ ಬೇಜಾರು ಉಳಿಯುತ್ತದೆ. ಕ್ಲಾಸಿನ ಸಮಯವನ್ನು ಹಳ್ಳಿಯ ಕಡೆಯ ಕೊನೆಯ ಬಸ್ ನೋಡಿ ಇಡು. ನಮ್ಮಲ್ಲಿ ಕೊನೆ ಕೊಯ್ಲು, ಅಡಿಕೆ ಸುಲಿಯುವ ದಿನಗಳಲ್ಲಿ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಬೆಂಚು ಖಾಲಿಯಾಗುತ್ತದೆ. ಆಗ ಹೊಸ ಪಾಠ ತೆಗೆಯುವುದಿಲ್ಲ. ನಿನಗೆ ಉಲ್ಟಾ ಅನುಕೂಲವಿದೆ. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಬೋಟಿಗೆ ಹೋಗುವ ಹುಡುಗರು ಆಗ ಮನೆಯಲ್ಲೇ ಇರುತ್ತಾರೆ. ಮೊದಲ ಉಚಿತ ಪರೀಕ್ಷೆಯನ್ನು ಜೂನ್ ಮೊದಲ ಭಾನುವಾರವೇ ಇಡು, ಬಂದರಿನ ಹತ್ತಿರ ಎಲ್ಲಾದರೂ ಜಾಗ ನೋಡು.

ಪ್ರಶ್ನೆಪತ್ರಿಕೆಯ ಒಂದು ಸೆಟ್ ಇದರ ಜೊತೆ ಕಳಿಸುತ್ತಿದ್ದೇನೆ, ಅಂಚು ಅಗಲ ಬಿಟ್ಟು ಮುದ್ರಿಸಿದ್ದು. ಪರೀಕ್ಷೆ ಮುಗಿದ ಮೇಲೆ ಹಾಳೆಗಳನ್ನು ಕಟ್ಟಿಟ್ಟುಕೊ. ಮರುದಿನ ದೇವಿಮನೆ ಘಾಟಿ ಇಳಿದು ಬರುತ್ತೇನೆ, ಇಬ್ಬರೂ ಕೂತು 'ಗ'ದ ತಪ್ಪುಗಳನ್ನು ಓದೋಣ.

ನಿನ್ನ
ಶಿರಸಿಯ ಗೆಳೆಯ