ಶಾಲೆಯ ಪ್ರಯೋಗಾಲಯಕ್ಕೆ ದೇಣಿಗೆ ಕೋರಿ: ದೊಡ್ಡ ಬಾಟಲಿ ಬೇಡ, ಚಿಕ್ಕದು ಸಾಕು

ಮಾನ್ಯರೇ,

ಕಳೆದ ವರ್ಷ ಹತ್ತನೇ ತರಗತಿಗೆ ಆಮ್ಲಜನಕ ತಯಾರಿಸಿ ತೋರಿಸಲು ನಿಂತಾಗ ನಮಗೆ ಮುಖಭಂಗವಾಯಿತು. ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ಬುಸ್ಸೆಂದು ನೊರೆ ಬರಬೇಕು, ಕೆಂಡದ ಕಡ್ಡಿ ಪ್ರನಾಳದೊಳಗೆ ಹೋದೊಡನೆ ಹೊತ್ತಿಕೊಳ್ಳಬೇಕು. ನಾಲ್ಕು ಗುಳ್ಳೆ ಬಂದವು. ಕಡ್ಡಿ ಆರಿಹೋಯಿತು.

ದಾಸ್ತಾನು ಪುಸ್ತಕ ನೋಡಿದರೆ 900 ಮಿ.ಲೀ. ಇದೆ! ಬಾಟಲಿಯ ಮೇಲಿನ ಅವಧಿಗೂ ಇನ್ನೂ ಎಂಟು ತಿಂಗಳಿತ್ತು. ಆದರೆ ಆ ದಿನಾಂಕ ಮುಚ್ಚಳ ತೆರೆಯದ ಬಾಟಲಿಗೆ. ನಮ್ಮದನ್ನು ತೆರೆದು ವರ್ಷವಾಗಿತ್ತು, ಕಿಟಕಿಯ ಪಕ್ಕ ಬಿಸಿಲಿಗೆ ನಿಂತಿತ್ತು. ಬೆಳಕು, ಸೆಖೆ, ಒಳಗೆ ಬಿದ್ದ ಒಂದಿಷ್ಟು ಧೂಳು, ಇಷ್ಟು ಸಾಕು. ಪೆರಾಕ್ಸೈಡ್ ತಾನೇ ಒಡೆದು ನೀರಾಗುತ್ತದೆ. ಉಳಿದದ್ದನ್ನು ಯಾರೋ ವಾಪಸ್ ಬಾಟಲಿಗೆ ಸುರಿದಿರಲೂಬಹುದು, ಮಕ್ಕಳಷ್ಟೇ ಅಲ್ಲ, ಶಿಕ್ಷಕರೂ ಈ ತಪ್ಪು ಮಾಡುವುದುಂಟು.

ಅಂದಿನಿಂದ ಲೆಕ್ಕ ಬದಲಾಗಿದೆ. ಈಗ ಒಂದೊಂದು ಬಾಟಲಿಗೂ ಒಂದೊಂದು ಸಾಲು: ಬಂದ ದಿನ, ತೆರೆದ ದಿನ, ಅವಧಿ, ಇಡುವ ಜಾಗ. ಪ್ರಯೋಗಕ್ಕೆ 30 ಗುಂಪು, ಗುಂಪಿಗೆ 10 ಮಿ.ಲೀ., ಅಲ್ಲಿಗೆ 300. ಕೈತಪ್ಪಿದ್ದಕ್ಕೆ, ಮತ್ತೆ ಮಾಡುವುದಕ್ಕೆ 100. ಹೀಗೆ ಪೆರಾಕ್ಸೈಡಿನ ಕನಿಷ್ಠ ದಾಸ್ತಾನು 400 ಮಿ.ಲೀ. ಅದಕ್ಕಿಂತ ಕೆಳಗಿಳಿದರೆ ಸಾಲು ಕೆಂಪಾಗುತ್ತದೆ. ಅವಧಿ ಮುಗಿದ ಅಥವಾ ಪರೀಕ್ಷೆಯಲ್ಲಿ ನೊರೆ ಬಾರದ ಬಾಟಲಿ ತುಂಬಿದ್ದರೂ ಲೆಕ್ಕಕ್ಕೆ ಸೊನ್ನೆಯೇ. ಈ ಒಂದು ನಿಯಮ ಮೊದಲೇ ಇದ್ದಿದ್ದರೆ ಅಂದು ತಿಂಗಳ ಮುಂಚೆಯೇ ಗೊತ್ತಾಗುತ್ತಿತ್ತು.

ಲೆಕ್ಕ ನಾವು ಬರೆದುಕೊಳ್ಳುತ್ತೇವೆ, ಅದಕ್ಕೆ ಖರ್ಚಿಲ್ಲ. ನಿಮ್ಮಿಂದ ಬೇಕಿರುವುದು ಇಡಲು ಜಾಗ. ಬಿಸಿಲು ತಾಗದ, ಬೀಗ ಹಾಕಬಹುದಾದ, ಗಾಳಿಯಾಡುವ ಒಂದು ಕಪಾಟು. ಅದರೊಳಗಿಡಲು ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಒಂದು ಮಾಪಕ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಕಂದು ಗಾಜಿನ ಬಾಟಲಿಗಳು. ಗಾಳಿಯ ತೇವ ಹೀರಿ ಅಂಟಂಟಾಗುವ ಸೋಡಿಯಂ ಹೈಡ್ರಾಕ್ಸೈಡಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು. ಪೆರಾಕ್ಸೈಡಿಗೆ ಮಾತ್ರ ಬಿಗಿ ಮುಚ್ಚಳ ಬೇಡ. ಒಳಗೆ ಆಮ್ಲಜನಕ ತುಂಬಿ ಬಾಟಲಿ ಉಬ್ಬುತ್ತದೆ, ಅನಿಲ ಹೊರಹೋಗುವ ಮುಚ್ಚಳವೇ ಆಗಬೇಕು.

ರಾಸಾಯನಿಕ ಕೊಡಿಸುವ ಮನಸ್ಸಿದ್ದವರು ದಯವಿಟ್ಟು ನೇರವಾಗಿ ಕಳುಹಿಸಬೇಡಿ. ಹಿಂದೊಮ್ಮೆ ಪ್ರೀತಿಯಿಂದ ಬಂದ ದೊಡ್ಡ ಡಬ್ಬಿಯ ಫೆರಸ್ ಸಲ್ಫೇಟ್ ಅರ್ಧ ಖಾಲಿಯಾಗುವಷ್ಟರಲ್ಲಿ ತಿಳಿ ಹಸಿರು ಹೋಗಿ ಕಂದು ಹಳದಿಯಾಯಿತು. ಆ ತಿಂಗಳು ಕೆಂಪಾದ ಸಾಲುಗಳ ಪಟ್ಟಿ ಕೇಳಿ, ಅದರಲ್ಲೊಂದನ್ನು ಚಿಕ್ಕ ಪೊಟ್ಟಣದಲ್ಲಿ ಕೊಡಿಸಿ. ಹಣ ಕೊಡುವವರಿಗೆ ಶಾಲಾ ಕಚೇರಿಯಲ್ಲಿ ರಸೀದಿ ಸಿಗುತ್ತದೆ. ಆ ಹಣದಿಂದ ತಂದ ಬಾಟಲಿಯ ಸಾಲನ್ನು ನೀವು ಬಂದು ನೋಡಬಹುದು.

ಇಂತಿ,
ವಿಜ್ಞಾನ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ